ಮಗುವಿಗೆ ಬರೀ ಬೇಜಾರೋ, ಖಿನ್ನತೆಯೋ? ಎರಡು ವಾರದ ನೋಟ್‌ಬುಕ್ ಇಟ್ಟು ತಿಳಿಯುವುದು ಹೇಗೆ

ಹದಿಹರೆಯದ ಮಕ್ಕಳಿರುವ ಅಪ್ಪ-ಅಮ್ಮಂದಿರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ. "ಮಗ ರೂಮಿನಿಂದ ಹೊರಗೇ ಬರಲ್ಲ, ಮಾತಾಡಿಸಿದರೆ ಸಿಡುಕುತ್ತಾನೆ. ಇದು ವಯಸ್ಸಿನ ಗುಣವಾ, ಇಲ್ಲ ಡಿಪ್ರೆಶನ್ನಾ?" ಕೆಲವರು ಮೂರು ದಿನ ಮಗಳು ಅತ್ತಳೆಂದು ಹೆದರಿ ಬರುತ್ತಾರೆ. ಇನ್ನು ಕೆಲವರು ಆರು ತಿಂಗಳು "ಸರಿಹೋಗುತ್ತೆ ಬಿಡು" ಎಂದು ಕಾದು ಬರುತ್ತಾರೆ. ಎರಡನೆಯವರೇ ಜಾಸ್ತಿ.

ಇದನ್ನು ಮನೆಯಲ್ಲೇ ಒಂದು ಮಟ್ಟಕ್ಕೆ ತಿಳಿದುಕೊಳ್ಳಬಹುದು. ಕಾಯಿಲೆ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ. ಆದರೆ ವೈದ್ಯರ ಹತ್ತಿರ ಹೋಗಬೇಕೋ ಬೇಡವೋ ಎಂಬುದನ್ನು ನೀವು ತೀರ್ಮಾನಿಸಬಹುದು, ಅದನ್ನು ನೀವೇ ಮಾಡಬೇಕು. ಅದಕ್ಕೆ ಬೇಕಾಗುವುದು ಒಂದು ನೋಟ್‌ಬುಕ್, ಎರಡು ವಾರ, ಮತ್ತು ಮಗುವಿನ ಜೊತೆ ಒಂದು ನೇರ ಮಾತು.

ಹಂತ 1: ಎರಡು ವಾರ ಕಾಯುವಂತಿದೆಯಾ, ಮೊದಲು ನೋಡಿ

ಕೆಲವು ವಿಷಯಗಳಿಗೆ ನೋಟ್‌ಬುಕ್ ಬೇಡ, ಆ ದಿನವೇ ಹೊರಡಬೇಕು. ಮಗು ಸಾಯುವ ಮಾತಾಡಿದರೆ, "ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ" ಎಂದರೆ, ಕೈಯ ಮೇಲೆ ಗಾಯ ಮಾಡಿಕೊಂಡ ಗುರುತು ಕಂಡರೆ, ಬೇಸಿಗೆಯಲ್ಲೂ ತುಂಬುತೋಳಿನ ಬಟ್ಟೆ ಬಿಡದಿದ್ದರೆ, ತನಗೆ ತುಂಬಾ ಇಷ್ಟವಾದ ವಸ್ತುಗಳನ್ನು ಸುಮ್ನೆ ಬೇರೆಯವರಿಗೆ ಕೊಡತೊಡಗಿದರೆ ತಡಮಾಡಬೇಡಿ. ಯಾರೂ ಇಲ್ಲದ ಕಡೆ ದನಿ ಕೇಳಿಸುತ್ತದೆ ಎಂದರೂ, ದಿನಗಟ್ಟಲೆ ಊಟ-ನೀರು ಬಿಟ್ಟರೂ ಅಷ್ಟೇ.

ಅಂಥ ಹೊತ್ತಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಅಜ್ಜನ ಬಿಪಿ-ಸಕ್ಕರೆ ಮಾತ್ರೆ ಸಮೇತ, ಬೀಗ ಹಾಕಿ ಇಡಿ. ಗಿಡಕ್ಕೆ ಹೊಡೆಯುವ, ಇಲಿಗೆ ಇಡುವ ಔಷಧಿ ಇದ್ದರೆ ಮನೆಯಿಂದಲೇ ಹೊರಗೆ ಹಾಕಿ. ಟೆರೇಸಿನ ಬೀಗದ ಕೈ ನಿಮ್ಮ ಹತ್ತಿರ ಇರಲಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ಹಗಲು-ರಾತ್ರಿ ತೆರೆದಿರುತ್ತದೆ. ಅಷ್ಟು ದೂರ ಆಗದಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಅಥವಾ 112ಕ್ಕೆ ಫೋನ್ ಮಾಡಿ. ಏನು ಮಾಡಬೇಕೆಂದೇ ತೋಚದಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಸಹಾಯವಾಣಿ ಇದು. 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬೇಕೆಂದಿಲ್ಲ, ಅಪ್ಪ-ಅಮ್ಮನೂ ಮಾಡಬಹುದು.

"ಪೊಲೀಸ್ ಕೇಸ್ ಆಗುತ್ತಾ" ಎಂದು ಹೆದರಿ ಆಸ್ಪತ್ರೆಗೆ ಹೋಗದವರನ್ನು ನೋಡಿದ್ದೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರನ್ನು ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ ಕೊಡಬೇಕು.

ಇಂಥದ್ದೇನೂ ಇಲ್ಲ ಅಂದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 2: ಏನನ್ನು ನೋಡಬೇಕು ಅಂತ ತಿಳಿದುಕೊಳ್ಳಿ

ಬೇಜಾರಿಗೆ ಸಾಮಾನ್ಯವಾಗಿ ಒಂದು ಕಾರಣ ಇರುತ್ತದೆ. ಮಾರ್ಕ್ಸ್ ಕಡಿಮೆ ಬಂತು, ಗೆಳತಿ ಮಾತು ಬಿಟ್ಟಳು, ಅಜ್ಜಿ ತೀರಿಕೊಂಡರು. ಅದು ಬಂದು ಹೋಗುತ್ತಿರುತ್ತದೆ. ಬೆಳಿಗ್ಗೆ ಅತ್ತ ಹುಡುಗಿ ಸಂಜೆ ಅಕ್ಕನ ಜೊತೆ ನಗುತ್ತಾಳೆ. ಇಷ್ಟದ ಊಟ ಮಾಡಿದರೆ ಎರಡು ತುತ್ತು ಜಾಸ್ತಿ ಸೇರುತ್ತದೆ. ಒಳ್ಳೆಯದು ನಡೆದಾಗ ಮನಸ್ಸು ಸ್ವಲ್ಪವಾದರೂ ಅಲ್ಲಾಡುತ್ತದೆ ಎನ್ನುವುದೇ ಬೇಜಾರಿನ ದೊಡ್ಡ ಗುರುತು. ಸಾವಿನ ದುಃಖ ತಿಂಗಳುಗಟ್ಟಲೆ ಇರಬಹುದು, ಆದರೂ ಅದು ಅಲೆಅಲೆಯಾಗಿ ಬರುತ್ತದೆ. ನಡುನಡುವೆ ಮಗು ಮೊದಲಿನ ಮಗುವೇ ಆಗಿರುತ್ತದೆ.

ಖಿನ್ನತೆ, ಅಂದರೆ ವೈದ್ಯರು ಡಿಪ್ರೆಶನ್ ಎಂದು ಕರೆಯುವ ಕಾಯಿಲೆ, ಹೀಗೆ ಅಲ್ಲಾಡುವುದಿಲ್ಲ. ದಿನದ ಬಹುಪಾಲು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಅದು ಹಾಗೇ ಕೂತಿರುತ್ತದೆ. ವೈದ್ಯರು ಎರಡು ವಾರ ಎನ್ನುವ ಲೆಕ್ಕ ಇಟ್ಟುಕೊಂಡಿರುವುದು ಇದಕ್ಕೇ. ಅವರು ಮುಖ್ಯವಾಗಿ ಹುಡುಕುವುದು ಎರಡನ್ನು: ಮನಸ್ಸು ಸದಾ ಕುಗ್ಗಿರುವುದು, ಮತ್ತು ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಇವೆರಡರಲ್ಲಿ ಒಂದಾದರೂ ಇರಲೇಬೇಕು. ಅದರ ಜೊತೆಗೆ ನಿದ್ದೆ, ಹಸಿವು, ಸುಸ್ತು, ಗಮನ, ನಡೆ-ನುಡಿಯ ವೇಗ, ತಾನು ಕೆಲಸಕ್ಕೆ ಬಾರದವನು ಎನ್ನುವ ಭಾವನೆ, ಸಾವಿನ ಯೋಚನೆ, ಇವುಗಳಲ್ಲಿ ಎಷ್ಟು ಬದಲಾಗಿವೆ ಎಂದು ನೋಡುತ್ತಾರೆ. ಎಲ್ಲ ಸೇರಿ ಐದಾದರೂ ಇದ್ದು, ಓದು, ಗೆಳೆತನ, ಮನೆ ಇವುಗಳಲ್ಲಿ ದಿನದ ಬದುಕು ಕೆಟ್ಟಿದ್ದರೆ ಖಿನ್ನತೆ ಎನ್ನುತ್ತಾರೆ.

ಹದಿಹರೆಯದವರಲ್ಲಿ ಒಂದು ವ್ಯತ್ಯಾಸ ಇದೆ, ಅಪ್ಪ-ಅಮ್ಮಂದಿರು ಎಡವುವುದು ಜಾಸ್ತಿ ಇಲ್ಲೇ. ದೊಡ್ಡವರಲ್ಲಿ ಕಾಣುವ ಅಳುಮುಖ ಇವರಲ್ಲಿ ಕಾಣದೇ ಇರಬಹುದು. ಅದರ ಬದಲು ಸಿಡುಕು ಕಾಣುತ್ತದೆ. "ಊಟಕ್ಕೆ ಬಾ" ಎಂದರೆ ಬಾಗಿಲು ದಬ್ಬುತ್ತಾರೆ. ಹಾಗಾಗಿ ಮನೆಯವರು ಇದನ್ನು ಸೊಕ್ಕು ಅಂದುಕೊಳ್ಳುತ್ತಾರೆ, ಮಗು ಬೈಗುಳ ತಿನ್ನುತ್ತದೆ. ವೈದ್ಯರ ಲೆಕ್ಕದಲ್ಲಿ ಈ ವಯಸ್ಸಿನವರಿಗೆ ಸದಾ ಇರುವ ಸಿಡುಕು, ಕುಗ್ಗಿದ ಮನಸ್ಸಿಗೆ ಸಮ. ಇನ್ನೊಂದು ಗುರುತು ಮೈನೋವು. ಸ್ಕ್ಯಾನಿಂಗ್‌ನಲ್ಲಿ ಏನೂ ಸಿಗದ ಹೊಟ್ಟೆನೋವು, ಪದೇಪದೇ ತಲೆನೋವು, ಅದೂ ಕಾಲೇಜಿನ ದಿನ ಬೆಳಿಗ್ಗೆ. ಅದು ನಾಟಕವಲ್ಲ, ನೋವು ನಿಜವಾಗಿಯೂ ಇರುತ್ತದೆ.

ಖಿನ್ನತೆಗೆ ಕಾರಣ ಇರಲೇಬೇಕೆಂದಿಲ್ಲ. "ಏನು ಕಮ್ಮಿ ಮಾಡಿದ್ದೀವಿ ನಿನಗೆ?" ಎನ್ನುವ ಪ್ರಶ್ನೆಗೆ ಮಗುವಿನ ಹತ್ತಿರ ಉತ್ತರ ಇರುವುದಿಲ್ಲ. ಉತ್ತರ ಇಲ್ಲವಲ್ಲ ಎನ್ನುವುದೇ ಅದಕ್ಕೆ ಇನ್ನೊಂದು ತಪ್ಪಿತಸ್ಥ ಭಾವನೆಯಾಗುತ್ತದೆ. ಆ ಪ್ರಶ್ನೆಯನ್ನು ಇವತ್ತೇ ಬಿಟ್ಟುಬಿಡಿ.

ಹಂತ 3: ನೋಟ್‌ಬುಕ್

ನೆನಪಿನ ಮೇಲೆ ನಂಬಿಕೆ ಇಡಬೇಡಿ. ಹೆದರಿದ ಮನಸ್ಸಿಗೆ ಕೆಟ್ಟ ದಿನಗಳೇ ನೆನಪಿರುತ್ತವೆ, ಧೈರ್ಯ ಹೇಳಿಕೊಳ್ಳುವ ಮನಸ್ಸಿಗೆ ಒಳ್ಳೆಯ ದಿನಗಳೇ. ಒಂದು ಸಣ್ಣ ಪುಸ್ತಕದಲ್ಲಿ ರಾತ್ರಿ ಮಲಗುವ ಮುಂಚೆ ನಾಲ್ಕೈದು ಸಾಲು ಬರೆಯಿರಿ. ನಿದ್ದೆ ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಎಚ್ಚರವಾಯಿತು. ಊಟ ಮೊದಲಿಗಿಂತ ಹೇಗಿತ್ತು. ಇಷ್ಟದ ಒಂದು ಕೆಲಸವನ್ನಾದರೂ ತಾನಾಗಿ ಮಾಡಿತಾ. ಗೆಳೆಯರು, ಕಾಲೇಜು. ಕೊನೆಗೆ, ಮಗು ತನ್ನ ಬಗ್ಗೆ ತಾನು ಆಡಿದ ಮಾತು ಏನಾದರೂ ಇದ್ದರೆ ಅದು ಹೇಗಿತ್ತೋ ಹಾಗೇ.

ಕಂಡದ್ದನ್ನು ಬರೆಯಿರಿ, ತೀರ್ಪನ್ನಲ್ಲ. "ಸೋಮಾರಿತನ ಮಾಡಿದ" ಎಂದು ಬರೆದರೆ ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ. "ಹನ್ನೊಂದು ಗಂಟೆವರೆಗೆ ಹಾಸಿಗೆಯಲ್ಲೇ ಇದ್ದ, ಎಚ್ಚರ ಇತ್ತು, ಫೋನೂ ನೋಡುತ್ತಿರಲಿಲ್ಲ" ಎಂದು ಬರೆದರೆ ತುಂಬಾ ಗೊತ್ತಾಗುತ್ತದೆ.

ಪುಸ್ತಕ ಇಡುವುದು ಪತ್ತೇದಾರಿಕೆ ಅಲ್ಲ. ಮಗುವಿನ ಫೋನ್ ತೆಗೆದು ನೋಡುವುದು, ಡೈರಿ ಓದುವುದು, ಸ್ನೇಹಿತರನ್ನು ಗುಟ್ಟಾಗಿ ವಿಚಾರಿಸುವುದು ಮಾಡಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಮುಂದೆ ಮಗು ನಿಮಗೆ ಏನನ್ನೂ ಹೇಳುವುದಿಲ್ಲ. ಏನು ಬರೆಯುತ್ತಿದ್ದೀಯ ಎಂದು ಕೇಳಿದರೆ ಮುಚ್ಚಿಡಬೇಡಿ. "ನಿನಗೆ ಸರಿಯಾಗಿ ನಿದ್ದೆ ಬರ್ತಿಲ್ಲ ಅನ್ನಿಸ್ತು, ಅದಕ್ಕೇ ಗುರುತು ಹಾಕ್ಕೊಳ್ತಿದ್ದೀನಿ" ಎಂದರೆ ಸಾಕು.

ಒಂದು ಉದಾಹರಣೆ ನೋಡೋಣ. ಇದು ಒಬ್ಬ ಹುಡುಗನ ಕಥೆಯಲ್ಲ, ಹಲವು ಮನೆಗಳಲ್ಲಿ ಕಂಡದ್ದನ್ನು ಸೇರಿಸಿ ಹೆಣೆದದ್ದು. ವಿಜಯನಗರದಲ್ಲಿರುವ ಹದಿನೇಳು ವರ್ಷದ ಹುಡುಗ, ಎರಡನೇ ಪಿಯುಸಿ, ಸೈನ್ಸ್. ಕಾಲೇಜು ಮುಗಿಸಿ ಸಿಇಟಿ ಕೋಚಿಂಗ್. ಭಾನುವಾರ ಬೆಳಿಗ್ಗೆ ಗಲ್ಲಿ ಕ್ರಿಕೆಟ್ ತಪ್ಪಿಸಿದವನೇ ಅಲ್ಲ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಫಿಸಿಕ್ಸ್ ಕೈಕೊಟ್ಟಿತು. ಅಮ್ಮ ಅದನ್ನೇ ಕಾರಣ ಅಂದುಕೊಂಡರು. ಅವರ ನೋಟ್‌ಬುಕ್ಕಿನ ಕೆಲವು ಪುಟ ಹೀಗಿವೆ.

ಮೊದಲ ಸೋಮವಾರ: ರಾತ್ರಿ ಎರಡಕ್ಕೆ ಲೈಟ್ ಆರಿತು. ನಾಲ್ಕೂವರೆಗೆ ಬಚ್ಚಲುಮನೆ ಸದ್ದು, ಆಮೇಲೆ ಮಲಗಲಿಲ್ಲ. ನಾಲ್ಕು ದೋಸೆ ತಿನ್ನುವವನು ಒಂದೂವರೆ ತಿಂದು ಎದ್ದ. ಕಾಲೇಜಿಗೆ ಹೋದ.

ಗುರುವಾರ: ಹೊಟ್ಟೆನೋವು, ಕಾಲೇಜಿಗೆ ರಜೆ. ತಂಗಿ ಪೆನ್ನು ತೆಗೆದುಕೊಂಡಳೆಂದು ಕಿರುಚಿದ. ಅರ್ಧ ಗಂಟೆ ಆದಮೇಲೆ ಅವಳ ಹತ್ತಿರ ಹೋಗಿ ಸಾರಿ ಹೇಳಿದ, ಕಣ್ಣಲ್ಲಿ ನೀರಿತ್ತು.

ಭಾನುವಾರ: ಗೆಳೆಯರು ಗೇಟಿನ ಹತ್ತಿರ ಬಂದು ಕರೆದರು. ಇಲ್ಲ ಅಂತ ಹೇಳಿಕಳಿಸಿದ. ದಸರೆಗೆ ತಂದ ಬ್ಯಾಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ.

ಎರಡನೇ ಬುಧವಾರ: ಯೂನಿಟ್ ಟೆಸ್ಟ್‌ನಲ್ಲಿ ಫಿಸಿಕ್ಸ್ ಚೆನ್ನಾಗಿ ಬಂತು ಎಂದ. ಮುಖದಲ್ಲಿ ಏನೂ ಇಲ್ಲ. "ಅದು ಸುಲಭ ಪೇಪರ್, ಯಾರು ಬೇಕಾದರೂ ಬರೀತಿದ್ರು" ಎಂದ.

ಎರಡನೇ ಶನಿವಾರ: ಒಂದೇ ಪುಟ ತೆರೆದಿಟ್ಟುಕೊಂಡು ಒಂದು ಗಂಟೆ ಕೂತಿದ್ದ. "ಓದಿದ್ದು ತಲೆಗೆ ಹೋಗ್ತಿಲ್ಲಮ್ಮ, ನಾನು ವೇಸ್ಟ್" ಎಂದ.

ಎಲ್ಲಕ್ಕಿಂತ ಮುಖ್ಯವಾದ ಸಾಲು ನನ್ನ ಪ್ರಕಾರ ಆ ಬುಧವಾರದ್ದು. ಅಮ್ಮ ಅಂದುಕೊಂಡ ಕಾರಣ, ಅಂದರೆ ಫಿಸಿಕ್ಸ್, ಸರಿಹೋಯಿತು. ಮನಸ್ಸು ಅಲ್ಲಾಡಲಿಲ್ಲ. ಬರೀ ಬೇಜಾರಾಗಿದ್ದರೆ ಅವತ್ತು ಒಂದು ಸಂಜೆಯಾದರೂ ಹಗುರಾಗಬೇಕಿತ್ತು. ಬ್ಯಾಟು ಕೂಡ ಅಷ್ಟೇ ಹೇಳುತ್ತದೆ. ಓದಿನ ಒತ್ತಡ ಇರುವ ಹುಡುಗ ಆಟಕ್ಕೆ ಹೋಗಲು ಆಸೆಪಡುತ್ತಾನೆ, ಮನೆಯವರು ತಡೆಯುತ್ತಾರೆ. ಇಲ್ಲಿ ತಡೆಯುವವರು ಯಾರೂ ಇಲ್ಲ, ಆಸೆಯೇ ಇಲ್ಲ.

ಈಗ ಅವನ ಚಿಕ್ಕಮ್ಮನ ಮಗಳನ್ನು ನೋಡಿ, ಅದೇ ವಯಸ್ಸು. ಪ್ರಾಣಸ್ನೇಹಿತೆ ಬೇರೆ ಗುಂಪು ಸೇರಿದಳೆಂದು ಮೂರು ದಿನ ಸರಿಯಾಗಿ ಉಣ್ಣಲಿಲ್ಲ, ದಿಂಬಿಗೆ ಮುಖ ಒತ್ತಿ ಅತ್ತಳು. ನಾಲ್ಕನೇ ದಿನ ಪಾನಿಪುರಿಗೆ ಹೋಗೋಣ ಎಂದಾಗ ಹೊರಟಳು. ರಾತ್ರಿ ಮತ್ತೆ ಬಿಕ್ಕಿದಳು. ಮುಂದಿನ ವಾರ ಅಳು ಇತ್ತು, ಆದರೆ ನಿದ್ದೆ ಬಂತು, ಡ್ಯಾನ್ಸ್ ಕ್ಲಾಸಿಗೂ ಹೋದಳು. ನೋಡುವವರಿಗೆ ಇವಳೇ ಜಾಸ್ತಿ ದುಃಖದಲ್ಲಿದ್ದಂತೆ ಕಾಣುತ್ತಾಳೆ. ಅಳು ಎಷ್ಟು ಎಂದು ಅಳೆದರೆ ತಪ್ಪು ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀರಿ.

ಹಂತ 4: ಮಾತಾಡಿ

ಎರಡು ವಾರ ಮುಗಿಯುವ ತನಕ ಕಾಯಬೇಡಿ, ಮೊದಲ ವಾರದಲ್ಲೇ ಮಾತಾಡಿ. ಎದುರಾಎದುರು ಸೋಫಾದಲ್ಲಿ ಕೂರಿಸಿ ವಿಚಾರಣೆ ಮಾಡಿದರೆ ಆಗುವುದಿಲ್ಲ. ಅಕ್ಕಪಕ್ಕ ಕೂತಾಗ, ಕಣ್ಣು ಕೂಡಿಸುವ ಅಗತ್ಯ ಇಲ್ಲದಾಗ ಈ ವಯಸ್ಸಿನವರು ಬಾಯಿ ಬಿಡುತ್ತಾರೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕಾರಲ್ಲಿ ಸಿಕ್ಕಿಕೊಂಡ ಅರ್ಧ ಗಂಟೆ ಇದಕ್ಕೆ ಒಳ್ಳೆಯ ಹೊತ್ತು. ಸೊಪ್ಪು ಬಿಡಿಸುತ್ತಾ ಕೂತಾಗಲೂ ಆಗುತ್ತದೆ.

ಕಂಡದ್ದರಿಂದ ಶುರುಮಾಡಿ. "ಎರಡು ವಾರದಿಂದ ಆಟಕ್ಕೆ ಹೋಗಿಲ್ಲ, ನಿದ್ದೇನೂ ಬರ್ತಿಲ್ಲ ಅನ್ಸುತ್ತೆ. ಒಳಗೆ ಹೇಗಿದೆ ಕಂದಾ?" ಎಂದು ಕೇಳಿ, ಆಮೇಲೆ ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟ. ಮಗು ಒಂದು ಸಾಲು ಹೇಳುವಷ್ಟರಲ್ಲಿ ನಾವು ಪರಿಹಾರ ಶುರುಮಾಡಿಬಿಡುತ್ತೇವೆ. "ಬೆಳಿಗ್ಗೆ ಬೇಗ ಏಳು, ಯೋಗ ಮಾಡು, ಎಲ್ಲ ಸರಿಹೋಗುತ್ತೆ" ಎನ್ನುತ್ತೇವೆ. "ನಮ್ಮ ಕಾಲದಲ್ಲಿ ನಾವು ಬೀದಿದೀಪದಲ್ಲಿ ಓದಿದ್ವಿ" ಎನ್ನುತ್ತೇವೆ. ಎರಡೂ ಮಗುವಿಗೆ ಕೇಳಿಸುವುದು ಒಂದೇ ಥರ: ನಿನ್ನ ಕಷ್ಟ ಕಷ್ಟವೇ ಅಲ್ಲ. "ಹೌದಾ, ಅಷ್ಟು ಭಾರ ಆಗ್ತಿದೆಯಾ" ಎಂದು ಅದು ಹೇಳಿದ್ದನ್ನೇ ತಿರುಗಿ ಹೇಳಿದರೆ ಮುಂದಿನ ಸಾಲು ಬರುತ್ತದೆ. "ಏನಿಲ್ಲ" ಎಂದು ಎದ್ದು ಹೋದರೆ ಬಿಡಿ. "ಸರಿ, ಯಾವಾಗ ಬೇಕಾದರೂ ಹೇಳು" ಎಂದು ಹೇಳಿ, ಎರಡು ದಿನ ಬಿಟ್ಟು ಮತ್ತೆ ಕೇಳಿ.

ಸಾವಿನ ಯೋಚನೆಯ ಬಗ್ಗೆಯೂ ನೀವು ಕೇಳಬೇಕು. ಇದನ್ನು ಓದುವಾಗಲೇ ಎದೆ ಹೊಡೆದುಕೊಳ್ಳುತ್ತದೆ, ಗೊತ್ತು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎನ್ನುವ ಭಯ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ ಎಂದು ಇದನ್ನು ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ಯೋಚನೆ ಇರುವ ಮಗುವಿಗೆ, ಕೊನೆಗೂ ಒಬ್ಬರು ಕೇಳಿದರಲ್ಲ ಎಂದು ಹಗುರಾಗುತ್ತದೆ. ಸುತ್ತಿಬಳಸದೆ, ಮೆಲ್ಲಗೆ ಕೇಳಿ: "ತುಂಬಾ ಬೇಜಾರಾದಾಗ ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತೆ. ನಿನಗೆ ಯಾವತ್ತಾದರೂ ಹಾಗೆ ಅನ್ನಿಸಿದೆಯಾ?" "ಹಾಗೆಲ್ಲ ಏನೂ ಯೋಚನೆ ಇಲ್ಲ ತಾನೆ?" ಎಂದು ಕೇಳಬೇಡಿ. ಆ ಪ್ರಶ್ನೆಯಲ್ಲೇ ಇಲ್ಲ ಎನ್ನುವ ಉತ್ತರ ಇದೆ, ಮಗು ಅದನ್ನೇ ಕೊಡುತ್ತದೆ.

ಹೌದು ಎಂದರೆ ಕಿರುಚಬೇಡಿ, ಆಣೆ ಹಾಕಿಸಿಕೊಳ್ಳಬೇಡಿ, "ನಮ್ಮ ಬಗ್ಗೆ ಯೋಚನೆ ಮಾಡಲಿಲ್ವಾ" ಎಂದು ಕೇಳಬೇಡಿ. "ಹೇಳಿದ್ದು ಒಳ್ಳೇದಾಯ್ತು. ನಾನಿದ್ದೀನಿ. ಇದಕ್ಕೆ ಡಾಕ್ಟರ್ ಇದ್ದಾರೆ, ಒಟ್ಟಿಗೆ ಹೋಗೋಣ" ಎನ್ನಿ. ಯಾರಿಗೂ ಹೇಳಬೇಡ ಎಂದು ಮಗು ಕೇಳಿದರೆ, ಈ ಒಂದು ವಿಷಯಕ್ಕೆ ಮಾತು ಕೊಡಬೇಡಿ. ಅಲ್ಲಿಂದ ಮೊದಲ ಹಂತದಲ್ಲಿ ಹೇಳಿದ್ದನ್ನೆಲ್ಲ ಮಾಡಿ.

ಹಂತ 5: ನೋಟ್‌ಬುಕ್ ಓದಿ, ತೀರ್ಮಾನ ಮಾಡಿ

ಹದಿನಾಲ್ಕು ದಿನದ ಪುಟಗಳನ್ನು ಮನೆಯ ಇನ್ನೊಬ್ಬ ದೊಡ್ಡವರ ಜೊತೆ ಕೂತು ಓದಿ. ಒಳ್ಳೆಯ ದಿನಗಳು ನಡುವೆ ಬಂದಿವೆಯಾ? ಎರಡನೇ ವಾರ ಮೊದಲನೆಯದಕ್ಕಿಂತ ಹಗುರಾಗಿದೆಯಾ? ಊಟ-ನಿದ್ದೆ ದಾರಿಗೆ ಬರುತ್ತಿದೆಯಾ? ಹಾಗಿದ್ದರೆ ಇನ್ನೆರಡು ವಾರ ನೋಡಬಹುದು. ಹೆಚ್ಚುಕಡಿಮೆ ಎಲ್ಲ ದಿನಗಳೂ ಒಂದೇ ಥರ ಇದ್ದು, ಇಷ್ಟದ ಕೆಲಸ ಬಿಟ್ಟುಹೋಗಿದ್ದು, ಕಾಲೇಜೋ ಗೆಳೆತನವೋ ಕೆಡುತ್ತಿದ್ದರೆ ವೈದ್ಯರ ಸಮಯ ತೆಗೆದುಕೊಳ್ಳಿ. ಎರಡರ ನಡುವೆ ಇದೆ ಎನ್ನಿಸಿದರೂ ತೋರಿಸಿಕೊಂಡು ಬನ್ನಿ. ತೋರಿಸಿದ್ದರಿಂದ ಯಾರಿಗೂ ನಷ್ಟವಾಗಿಲ್ಲ.

ಪಿಎಚ್‌ಕ್ಯೂ-9 ಎನ್ನುವ ಒಂಬತ್ತು ಪ್ರಶ್ನೆಗಳ ಪಟ್ಟಿಯ ಹೆಸರು ನೀವು ಕೇಳಿರಬಹುದು. ಕಳೆದ ಎರಡು ವಾರದಲ್ಲಿ ಹೇಗಿತ್ತು ಎಂದು ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಹದಿಹರೆಯದವರಿಗೆ ಸ್ವಲ್ಪ ಬದಲಿಸಿದ ರೂಪವೂ ಇದೆ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರು ನೋಡಬೇಕು ಎನ್ನುವುದು ಸಾಮಾನ್ಯ ಲೆಕ್ಕ. ಅದನ್ನು ಮಗು ತಾನೇ ತುಂಬಬೇಕು, ನೀವು ಊಹಿಸಿ ತುಂಬಬಾರದು. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅದರಲ್ಲಿ 1 ಬಂದರೂ ಉಳಿದ ಅಂಕ ಎಷ್ಟೇ ಇರಲಿ, ಆ ದಿನವೇ ಮಾತಾಡಬೇಕು. ಕಡಿಮೆ ಅಂಕ ಬಂತು ಎಂದು ನೋಟ್‌ಬುಕ್ಕನ್ನು ಪಕ್ಕಕ್ಕಿಡಬೇಡಿ. ಒಳಗಿರುವುದನ್ನು ಕಾಗದದ ಮೇಲೂ ಮುಚ್ಚಿಡುವ ಮಕ್ಕಳಿದ್ದಾರೆ.

ಹಂತ 6: ಯಾರ ಹತ್ತಿರ ಹೋಗಬೇಕು

ಇಲ್ಲಿ ಹೆಸರುಗಳ ಗೊಂದಲ ಇದೆ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಮನಸ್ಸಿನ ಕಾಯಿಲೆಗಳಲ್ಲಿ ಪರಿಣತಿ ಪಡೆದವರು. ಕಾಯಿಲೆ ಗುರುತಿಸಿ ಔಷಧಿ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಕೊಡುವುದಿಲ್ಲ, ಮಾತಿನ ಚಿಕಿತ್ಸೆ ಮಾಡುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ನಂಬರ್ ಕೇಳಿ, ತಪ್ಪಿಲ್ಲ. ಕಾಲೇಜಿನ ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್, ಬೇಜಾರಿಗೆ, ಓದಿನ ಒತ್ತಡಕ್ಕೆ ಒಳ್ಳೆಯ ಸಹಾಯ ಮಾಡುತ್ತಾರೆ. ಆದರೆ ನಿಮ್ಮ ನೋಟ್‌ಬುಕ್ ಖಿನ್ನತೆಯ ಕಡೆ ತೋರಿಸುತ್ತಿದ್ದರೆ ಅಲ್ಲಿಗೇ ನಿಲ್ಲಬೇಡಿ.

ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ. ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಬೇರೆ ಮನೋವೈದ್ಯಕೀಯ ವಿಭಾಗ ಇದೆ. ಮೊದಲ ಸಲ ಹೋಗುವಾಗ ಬೆಳಿಗ್ಗೆ ಬೇಗ ಹೋಗಿ, ಇಡೀ ದಿನ ಬಿಟ್ಟುಕೊಳ್ಳಿ. ಚೀಟಿ ಮಾಡಿಸಬೇಕು, ಕಾಯಬೇಕು, ಆಮೇಲೆ ನಿಧಾನವಾಗಿ ಇತಿಹಾಸ ಕೇಳುತ್ತಾರೆ. ತಿಂಡಿ, ನೀರು ಜೊತೆಗಿರಲಿ. ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಮನೋವೈದ್ಯರಿದ್ದಾರೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಸಿಗುತ್ತಾರೆ. ಎಲ್ಲಿಗೆ ಹೋಗುವುದೆಂದು ಗೊತ್ತಾಗದಿದ್ದರೆ 14416ರಲ್ಲಿ ಹತ್ತಿರದ ಜಾಗ ಕೇಳಿ.

ನೋಟ್‌ಬುಕ್ ತೆಗೆದುಕೊಂಡು ಹೋಗಿ. ಕುಟುಂಬದಲ್ಲಿ ಯಾರಿಗಾದರೂ ಖಿನ್ನತೆ, ಬೈಪೋಲಾರ್ ಕಾಯಿಲೆ ಇತ್ತಾ, ಯಾರಾದರೂ ಜೀವ ಕಳೆದುಕೊಂಡಿದ್ದಾರಾ ಎಂದು ಕೇಳುತ್ತಾರೆ. ಮಾನಕ್ಕೆ ಅಂಜಿ ಮುಚ್ಚಿಡಬೇಡಿ. ಬೈಪೋಲಾರ್ ಎಂದರೆ ಕುಗ್ಗಿದ ದಿನಗಳ ಜೊತೆಗೆ, ನಿದ್ದೆಯೇ ಇಲ್ಲದೆ ಉತ್ಸಾಹ ಉಕ್ಕುವ, ಮಾತು ನಿಲ್ಲದ ದಿನಗಳೂ ಬರುವ ಕಾಯಿಲೆ. ಅಂಥ ದಿನಗಳು ಮಗುವಿಗೆ ಹಿಂದೆ ಯಾವತ್ತಾದರೂ ಬಂದಿದ್ದರೆ ಹೇಳಲೇಬೇಕು, ಏಕೆಂದರೆ ಅದಕ್ಕೆ ಕೊಡುವ ಔಷಧಿಯೇ ಬೇರೆ. ರಕ್ತಪರೀಕ್ಷೆಯನ್ನೂ ಬರೆಯಬಹುದು. ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆ ಇದ್ದರೆ, ಬಿ12 ಕೊರತೆ ಇದ್ದರೆ ಸುಸ್ತು, ಮಂಕು ಖಿನ್ನತೆಯ ಹಾಗೇ ಕಾಣುತ್ತದೆ. ಮುಟ್ಟು ಜಾಸ್ತಿ ಹೋಗುವ ಹುಡುಗಿಯರಲ್ಲಿ ರಕ್ತಹೀನತೆ ಮೊದಲು ನೋಡಬೇಕಾದದ್ದು.

ವೈದ್ಯರು ಮಗುವನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಮಾತಾಡಿಸುತ್ತಾರೆ. ಹೊರಗೆ ಕೂರಿ ಎಂದಾಗ ಬೇಸರ ಮಾಡಿಕೊಳ್ಳಬೇಡಿ. ಸಿಗರೇಟು, ಪ್ರೀತಿ, ಕಾಲೇಜಿನಲ್ಲಿ ಯಾರಾದರೂ ಪೀಡಿಸುವುದು, ಇಂಥವು ನಿಮ್ಮೆದುರು ಬರುವುದಿಲ್ಲ. ಜೀವಕ್ಕೆ ಅಪಾಯ ಇರುವ ವಿಷಯವಾದರೆ ಅವರು ನಿಮಗೆ ಹೇಳುತ್ತಾರೆ.

ದೇವಸ್ಥಾನಕ್ಕೆ ಹೋಗಿಬರುವುದು, ಹರಕೆ ಹೊರುವುದು ನಿಮಗೆ ಧೈರ್ಯ ಕೊಟ್ಟರೆ ಮಾಡಿ. ಅದು ಮುಗಿಯಲಿ, ಆಮೇಲೆ ಡಾಕ್ಟರ್ ನೋಡೋಣ ಎಂದು ತಿಂಗಳು ಕಳೆಯಬೇಡಿ.

ಹಂತ 7: ಚಿಕಿತ್ಸೆಯ ಮೊದಲ ಆರು ವಾರ

ಸೌಮ್ಯ ಖಿನ್ನತೆಗೆ ಮಾತಿನ ಚಿಕಿತ್ಸೆಯಿಂದಲೇ ಶುರುಮಾಡುವುದು ರೂಢಿ. ಅದರಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಸಿಬಿಟಿ. "ನಾನು ವೇಸ್ಟ್" ಎನ್ನುವಂಥ ಯೋಚನೆಯನ್ನು ಹಿಡಿದು ಅದು ನಿಜವಾ ಎಂದು ಪರೀಕ್ಷಿಸುವುದು, ಬಿಟ್ಟುಹೋದ ಕೆಲಸಗಳನ್ನು ಚೂರುಚೂರೇ ಮತ್ತೆ ಶುರುಮಾಡುವುದು ಅದರ ಕ್ರಮ. ನಮ್ಮ ಉದಾಹರಣೆಯ ಹುಡುಗನಿಗೆ ಮೊದಲ ವಾರದ ಕೆಲಸ ಮ್ಯಾಚ್ ಆಡುವುದಲ್ಲ. ಬ್ಯಾಟಿನ ಕವರ್ ತೆಗೆದು, ಗೆಳೆಯರು ಆಡುವುದನ್ನು ಹತ್ತು ನಿಮಿಷ ನಿಂತು ನೋಡಿ ಬರುವುದು. ಮನಸ್ಸು ಬಂದಮೇಲೆ ಮಾಡುತ್ತೇನೆ ಎಂದರೆ ಮನಸ್ಸು ಬರುವುದಿಲ್ಲ. ಮೊದಲು ಮಾಡುವುದು, ಮನಸ್ಸು ಆಮೇಲೆ ಹಿಂದೆ ಬರುತ್ತದೆ.

ಮಧ್ಯಮ ಅಥವಾ ತೀವ್ರ ಇದ್ದರೆ ಔಷಧಿಯನ್ನೂ ಸೇರಿಸಬಹುದು. ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಮೊದಲು ಯೋಚಿಸುವುದು ಫ್ಲುಯಾಕ್ಸೆಟಿನ್. ಇದು ನಿದ್ದೆಮಾತ್ರೆ ಅಲ್ಲ, ಚಟ ಹಿಡಿಸುವುದಿಲ್ಲ. ನುಂಗಿದ ಮರುದಿನ ಏನೂ ಆಗುವುದಿಲ್ಲ, ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಅಡ್ಡಪರಿಣಾಮ ಮಾತ್ರ ಮೊದಲ ವಾರವೇ ಬರಬಹುದು: ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆ ಏರುಪೇರು. "ಗುಣ ಇಲ್ಲ, ತೊಂದರೆ ಮಾತ್ರ" ಎಂದು ಹತ್ತನೇ ದಿನ ನಿಲ್ಲಿಸುವವರು ತುಂಬಾ ಜನ. ನಿಲ್ಲಿಸುವ ಬದಲು ವೈದ್ಯರಿಗೆ ಫೋನ್ ಮಾಡಿ.

ಶುರುವಿನ ವಾರಗಳಲ್ಲಿ, ಮತ್ತು ಪ್ರಮಾಣ ಬದಲಿಸಿದಾಗ, ಕೆಲವು ಮಕ್ಕಳಲ್ಲಿ ಚಡಪಡಿಕೆ ಹೆಚ್ಚಾಗಿ ಸಾವಿನ ಯೋಚನೆ ಜಾಸ್ತಿಯಾಗಬಹುದು. ಎಲ್ಲರಿಗೂ ಆಗುವುದಿಲ್ಲ. ಆದರೂ ಈ ದಿನಗಳಲ್ಲಿ ವೈದ್ಯರ ಭೇಟಿ ತಪ್ಪಿಸಬೇಡಿ, ಮಾತ್ರೆ ನಿಮ್ಮ ಕೈಯಲ್ಲಿರಲಿ, ಒಂದೊಂದು ದಿನದ್ದನ್ನೇ ಕೊಡಿ. ನೋಟ್‌ಬುಕ್ ಮುಂದುವರಿಸಿ. ಗುಣವಾಗುವಾಗ ಸಾಮಾನ್ಯವಾಗಿ ನಿಮಗೆ ಮೊದಲು ಕಾಣುವುದು ನಿದ್ದೆ-ಊಟ. "ಈಗ ಚೆನ್ನಾಗಿದ್ದೀನಿ" ಎಂದು ಮಗುವಿನ ಬಾಯಲ್ಲಿ ಬರುವುದು ಆಮೇಲೆ. ಹಾಗಾಗಿ ದಿನಾ "ಹೇಗನ್ನಿಸ್ತಿದೆ" ಎಂದು ಕೇಳಿ ಸುಸ್ತು ಮಾಡಬೇಡಿ.

ಫೋನಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ರೂಮಲ್ಲಿ ಒಂಟಿ ಇರುವ ಮಗುವಿಗೆ ಹೊರಗಿನ ಗೆಳೆಯರ ಕೊಂಡಿ ಅದೊಂದೇ ಆಗಿರಬಹುದು. ಶಿಕ್ಷೆಯ ಥರ ಕಿತ್ತುಕೊಂಡರೆ ಆ ಕೊಂಡಿಯೂ ಹೋಗುತ್ತದೆ. ರಾತ್ರಿ ಮಾತ್ರ ಮನೆಯವರೆಲ್ಲರ ಫೋನೂ, ನಿಮ್ಮದೂ ಸೇರಿ, ಹಾಲಿನಲ್ಲಿ ಚಾರ್ಜಿಗೆ ಹಾಕುವ ನಿಯಮ ಮಾಡಿ. ಅದು ನಿದ್ದೆಗೆ ಸಹಾಯ.

ಕಾಲೇಜಿಗೂ ತಿಳಿಸಬೇಕಾಗುತ್ತದೆ. ಪಿಯುಸಿಯಲ್ಲಿ ಶೇಕಡಾ 75 ಹಾಜರಿ ಬೇಕು ಎನ್ನುವ ನಿಯಮ ಇರುವುದರಿಂದ, ರಜೆ ಸೇರಿಕೊಂಡು ಹೋಗುವ ಮುಂಚೆ ವೈದ್ಯರ ಪತ್ರ ತೆಗೆದುಕೊಂಡು ಪ್ರಿನ್ಸಿಪಾಲರನ್ನು ನೋಡಿ. ಕಾಯಿಲೆಯ ಹೆಸರು ಎಷ್ಟು ಹೇಳಬೇಕು ಎಂದು ಮೊದಲು ಮಗುವನ್ನು ಕೇಳಿ. ನೆಂಟರಿಗೆ ಹೇಳಲೇಬೇಕೆಂದೇನೂ ಇಲ್ಲ.

ಗುಣ ಕಂಡ ಮೇಲೂ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳಾದರೂ, ಕೆಲವರಿಗೆ ಒಂದು ವರ್ಷ, ಮುಂದುವರಿಸುತ್ತಾರೆ. ಪರೀಕ್ಷೆ ಹತ್ತಿರ ಬಂತು, ಮಂಪರು ಬರುತ್ತದೇನೋ ಎಂದು ಫೆಬ್ರವರಿಯಲ್ಲಿ ನೀವೇ ನಿಲ್ಲಿಸಿಬಿಡಬೇಡಿ. ನಿಲ್ಲಿಸುವಾಗ ವೈದ್ಯರು ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಒಮ್ಮೆ ಬಂದ ಖಿನ್ನತೆ ಮತ್ತೆ ಬರುವ ಸಾಧ್ಯತೆ ಇರುವುದರಿಂದ, ನಿಮ್ಮ ಮಗುವಿನಲ್ಲಿ ಮೊದಲು ಕೆಟ್ಟ ಎರಡು ವಿಷಯ ಯಾವುವು ಎಂದು ಹಳೆಯ ಪುಟಗಳಲ್ಲಿ ನೋಡಿ, ಮಗುವಿನ ಜೊತೆ ಕೂತು ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದಿಡಿ. ಈ ಹುಡುಗನಿಗಾದರೆ ನಸುಕಿನ ಎಚ್ಚರ, ಮತ್ತು ಭಾನುವಾರದ ಆಟ. ಇವೆರಡೂ ಒಟ್ಟಿಗೆ ಒಂದು ವಾರ ಕೆಟ್ಟರೆ ಮತ್ತೆ ಎರಡು ವಾರ ಕಾಯುವುದು ಬೇಡ, ಅದೇ ವೈದ್ಯರಿಗೆ ಫೋನ್ ಮಾಡಿ.